ಒಂದೂವರೆ ಅಡಿ ಎತ್ತರಿಸಿದ ಬ್ಲಾಕು: ಕರಾವಳಿಯ ಐಸ್ ಪ್ಲಾಂಟಿನ ಒಂದು ಪ್ರಕರಣ

ಆಗಸ್ಟ್ ಮೊದಲ ವಾರ. ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿದು ಬೋಟುಗಳು ಸಮುದ್ರಕ್ಕೆ ಇಳಿದಿದ್ದವು. ಕಾರವಾರ ಮತ್ತು ಅಂಕೋಲಾ ನಡುವೆ, ಸಮುದ್ರದಿಂದ ಅರ್ಧ ಕಿಲೋಮೀಟರ್ ಒಳಗೆ, ಮರಳು ನೆಲದ ಮೇಲೆ ಒಂದು ಐಸ್ ಪ್ಲಾಂಟ್ ಇದೆ. ಅದರ ಮಾಲಕರು ಫೋನ್ ಮಾಡಿದರು. "ತಮಾ, ಮಶಿನ್ನು ಕುಣೀತಾ ಉಂಟು. ಏಪ್ರಿಲ್‌ನಲ್ಲಿ ಇಷ್ಟು ಇರಲಿಲ್ಲ. ಈಗ ಐಸಿಗೆ ಜನ ಸಾಲು ನಿಂತಿದ್ದಾರೆ, ಬಂದ್ ಮಾಡೋ ಹಾಗೂ ಇಲ್ಲ."

ಹೋಗಿ ನೋಡಿದೆ. ಎರಡು ಸಿಲಿಂಡರ್ ವಿ ಆಕಾರದಲ್ಲಿ ನಿಂತ ಅಮೋನಿಯಾ ಕಂಪ್ರೆಸರ್. ಮೋಟಾರಿನಿಂದ ಬೆಲ್ಟ್ ಮೂಲಕ ಓಡುತ್ತದೆ, ವೇಗ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9. ಕಂಪ್ರೆಸರ್, ಮೋಟಾರು, ಕೆಳಗಿನ ಉಕ್ಕಿನ ಚೌಕಟ್ಟು ಎಲ್ಲ ಸೇರಿ ಎರಡೂಕಾಲು ಟನ್ನಿನ ಮೇಲೆ, ಲೆಕ್ಕಕ್ಕೆ 2.4 ಟನ್ ಹಿಡಿದೆ. ಅದು ಕೂತಿರುವುದು ಒಂದು ದೊಡ್ಡ ಕಾಂಕ್ರೀಟ್ ಬ್ಲಾಕಿನ ಮೇಲೆ.

ಆಪರೇಟರ್ ಮಾಮ ತನ್ನ ಚಹಾ ಲೋಟವನ್ನು ಬ್ಲಾಕಿನ ಮೂಲೆಯಲ್ಲಿ ಇಟ್ಟು ತೋರಿಸಿದರು. ಅದು ಒದ್ದೆ ಕಾಂಕ್ರೀಟಿನ ಮೇಲೆ ನಿಧಾನಕ್ಕೆ ತೆವಳುತ್ತಾ ಅಂಚಿಗೆ ಬಂತು. ನನಗೆ ಅದಕ್ಕಿಂತ ಹೆದರಿಕೆ ಆದದ್ದು ಡಿಸ್ಚಾರ್ಜ್ ಪೈಪಿನ ಜೋಡಣೆ ನೋಡಿ. ಅಲ್ಲಿ ಮೂಗಿಗೆ ಚುರುಕ್ ಅನ್ನುವ ವಾಸನೆ ಇತ್ತು. ಮಾಮ ಗಂಧಕದ ಕಡ್ಡಿ ಹಚ್ಚಿ ಹತ್ತಿರ ಹಿಡಿದರು, ಬಿಳಿ ಹೊಗೆ ಎದ್ದಿತು. ಅಮೋನಿಯಾ ಸೋರುತ್ತಿದೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಬ್ಲಾಕು ಅಲುಗಿದಷ್ಟೂ ಪೈಪು ಎಳೆದುಕೊಳ್ಳುತ್ತದೆ, ಪ್ಯಾಕಿಂಗ್ ಸಡಿಲವಾಗುತ್ತದೆ. ಮೊದಲು ಮಶಿನ್ ನಿಲ್ಲಿಸಿ ಆ ಜೋಡಣೆ ಬಿಗಿ ಮಾಡಿಸಿದೆ. ಉಳಿದದ್ದು ಆಮೇಲೆ.

ಬ್ಲಾಕಿನ ಮೇಲೆ ಇನ್ನೊಂದು ವಿಚಿತ್ರ ಕಂಡಿತು. ಮೂರು ಬದಿಗೂ ಚಿರೆಕಲ್ಲು ಪೇರಿಸಿಟ್ಟಿದ್ದರು, ಸುಮಾರು 35 ಕಲ್ಲು. ಒಂದೊಂದು 30 ಕೆಜಿ ಹಿಡಿದರೂ ಒಂದು ಟನ್ ಆಯಿತು. ಕೇಳಿದರೆ, ಅಡಿಪಾಯ ಹಾಕಿದ ಗುತ್ತಿಗೆದಾರರು ಫೋನಿನಲ್ಲಿ ಹೇಳಿದ್ದಂತೆ: "ಭಾರ ಸಾಲ್ತಾ ಇಲ್ಲ, ಭಾರ ಹಾಕಿ." ಹಾಕಿದ ಮೇಲೆ ಕಂಪನ ಕಡಿಮೆ ಆಯ್ತಾ ಅಂತ ಮಾಮನನ್ನು ಕೇಳಿದೆ. "ಎಲ್ಲಿ ಕಡಿಮೆ, ಜಾಸ್ತಿನೇ ಆಯ್ತು. ಆದರೆ ಹೇಳಿದರೆ ಯಾರೂ ನಂಬೋದಿಲ್ಲ" ಅಂದರು. ನಾನು ನಂಬಿದೆ. ಆ ಒಂದು ಮಾತಿನಲ್ಲೇ ಅರ್ಧ ಉತ್ತರ ಇತ್ತು.

ಬ್ಲಾಕಿಗೂ ಒಂದು ತಾಳ ಇದೆ

ಮಣ್ಣಿನ ಮೇಲೆ ಕೂತ ಕಾಂಕ್ರೀಟ್ ಬ್ಲಾಕು ನೋಡಲು ಬಂಡೆಯಂತೆ ಕಂಡರೂ, ಲೆಕ್ಕದಲ್ಲಿ ಅದು ಸ್ಪ್ರಿಂಗ್ ಮೇಲಿಟ್ಟ ಭಾರ. ಮಣ್ಣೇ ಸ್ಪ್ರಿಂಗ್. ಒಮ್ಮೆ ತಳ್ಳಿ ಬಿಟ್ಟರೆ ತನ್ನದೇ ವೇಗದಲ್ಲಿ ಕೆಲವು ಸಲ ಅಲುಗಿ ನಿಲ್ಲುತ್ತದೆ. ಆ ವೇಗವೇ ಅದರ ಸಹಜ ಆವರ್ತನ. ಯಂತ್ರ ಅದೇ ವೇಗದಲ್ಲಿ ತಳ್ಳುತ್ತಾ ಹೋದರೆ ಪ್ರತಿ ತಳ್ಳೂ ಹಿಂದಿನದರ ಮೇಲೆ ಕೂಡಿಕೊಳ್ಳುತ್ತದೆ. ಅದು ಅನುರಣನ.

ಶಿರಸಿ ಕಡೆ ಅಡಿಕೆ ಕೊನೆ ಕೊಯ್ಯುವವರನ್ನು ನೋಡಿದವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಒಂದು ಮರದ ತುದಿಯಲ್ಲಿ ಕೂತು, ಪಕ್ಕದ ಮರ ಕೈಗೆ ಸಿಗುವವರೆಗೆ ಮರವನ್ನು ತೂಗುತ್ತಾರೆ. ಜೋರಾಗಿ ಅಲ್ಲ, ಮರದ ತಾಳಕ್ಕೆ ಸರಿಯಾಗಿ. ಎಳೆಯ ಗಿಡ್ಡ ಮರ ಬೇಗ ಬೇಗ ಅಲುಗುತ್ತದೆ, ಎತ್ತರದ ಹಳೆ ಮರ ನಿಧಾನಕ್ಕೆ ತೂಗುತ್ತದೆ. ಎತ್ತರ ಹೆಚ್ಚಿದರೆ ತಾಳ ನಿಧಾನ ಆಗುತ್ತದೆ ಎಂಬ ಈ ಕೊನೆಯ ಮಾತನ್ನು ನೆನಪಿಡಿ, ಈ ಪ್ರಕರಣ ನಿಂತಿರುವುದೇ ಅದರ ಮೇಲೆ.

ಮಾಲಕರ ಬಳಿ ನಕ್ಷೆ ಇತ್ತು, ಜೊತೆಗೆ ಒಂದು ಪುಟದ ಲೆಕ್ಕ. ಬ್ಲಾಕು 2.8 ಮೀಟರ್ ಉದ್ದ, 2.2 ಮೀಟರ್ ಅಗಲ, 1.2 ಮೀಟರ್ ಎತ್ತರ. ಉದ್ದ ಇರುವುದು ಕಂಪ್ರೆಸರಿನ ಶಾಫ್ಟಿನ ದಿಕ್ಕಿಗೆ. ಲೆಕ್ಕ ಮಾಡಿದವರು ಈ ಸೂತ್ರ ಬಳಸಿದ್ದರು:

```
f = (1/2π) · √(k/m)
```

ಇಲ್ಲಿ `m` ಎಂದರೆ ಬ್ಲಾಕು ಮತ್ತು ಯಂತ್ರದ ಒಟ್ಟು ದ್ರವ್ಯರಾಶಿ, `k` ಎಂದರೆ ಮಣ್ಣಿನ ಬಿಗಿತ. ಮಣ್ಣಿನ ಬಿಗಿತಕ್ಕೆ ಅವರು ಬರ್ಕನ್ ಎಂಬ ರಷ್ಯನ್ ಎಂಜಿನಿಯರ್ ಕೊಟ್ಟ ರೀತಿ ಹಿಡಿದಿದ್ದರು. ನಮ್ಮಲ್ಲಿ ಇಂದಿಗೂ ಹೆಚ್ಚಿನವರು ಅದನ್ನೇ ಬಳಸುತ್ತಾರೆ. ಸಾಧಾರಣ ಗಟ್ಟಿ ಮರಳಿಗೆ 10 ಚದರ ಮೀಟರ್ ತಳಕ್ಕೆ ಒಂದು ಘನ ಸೆಂಟಿಮೀಟರಿಗೆ 5 ಕೆಜಿ ಎಂಬ ಗುಣಾಂಕ. ತಳ ಚಿಕ್ಕದಾದಂತೆ ಈ ಗುಣಾಂಕ ಏರುತ್ತದೆ. ಇವರ 6.16 ಚದರ ಮೀಟರ್ ತಳಕ್ಕೆ ಅದು ಸುಮಾರು 6.4 ಆಯಿತು. ಅದನ್ನು ತಳದ ವಿಸ್ತೀರ್ಣದಿಂದ ಗುಣಿಸಿ, ಒಟ್ಟು 20 ಟನ್ನಿನಿಂದ ಭಾಗಿಸಿದರೆ ಮೇಲೆ ಕೆಳಗೆ ಕುಣಿಯುವ ಆವರ್ತನ ಸೆಕೆಂಡಿಗೆ 22 ಸಲ. ಯಂತ್ರ 9, ಬ್ಲಾಕು 22. ಎರಡೂವರೆ ಪಟ್ಟು ದೂರ. "ಸುರಕ್ಷಿತ" ಎಂದು ಕೆಳಗೆ ಬರೆದು ಸಹಿ ಹಾಕಿದ್ದರು.

ಲೆಕ್ಕದಲ್ಲಿ ಕೂಡು-ಕಳೆ ತಪ್ಪಿರಲಿಲ್ಲ. ಆದರೆ ಬ್ಲಾಕು ಮೇಲೆ ಕೆಳಗೆ ಮಾತ್ರ ಕುಣಿಯುತ್ತದೆ ಎಂದು ಅವರು ಅಂದುಕೊಂಡಿದ್ದರು. ಇಷ್ಟು ಚಿಕ್ಕ ತಳದ ಬ್ಲಾಕುಗಳಲ್ಲಿ ತೊಂದರೆ ಕೊಡುವುದು ಅದಲ್ಲ. ಯಂತ್ರದ ಅಡ್ಡ ಬಲ ಶಾಫ್ಟಿನ ಮಟ್ಟದಲ್ಲಿ, ಅಂದರೆ ತಳದಿಂದ ತುಂಬಾ ಮೇಲೆ ಬೀಳುತ್ತದೆ. ಆಗ ಬ್ಲಾಕು ದೋಣಿಯಂತೆ ಒಂದು ಬದಿಯಿಂದ ಇನ್ನೊಂದು ಬದಿಗೆ ವಾಲುತ್ತದೆ. ವಾಲುತ್ತಲೇ ಸ್ವಲ್ಪ ಜಾರುತ್ತದೆ. ವಾಲುವುದು ಮತ್ತು ಜಾರುವುದು ಇಲ್ಲಿ ಬೇರೆ ಬೇರೆ ಅಲ್ಲ, ಎರಡೂ ಸೇರಿ ಒಂದೇ ಚಲನೆ. ಈ ಜೋಡಿ ಚಲನೆಗೆ ಎರಡು ಆವರ್ತನ ಇರುತ್ತವೆ, ತೊಂದರೆ ಕೊಡುವ ಕೆಳಗಿನದು ಯಾವಾಗಲೂ ಒಂಟಿ ವಾಲುವಿಕೆಯದಕ್ಕಿಂತಲೂ ಒಂಟಿ ಜಾರುವಿಕೆಯದಕ್ಕಿಂತಲೂ ಕಡಿಮೆ. ಕಾಗದದ ಮೇಲೆ 22 ಕಂಡವರಿಗೆ ಇದು ಎಷ್ಟು ಕೆಳಗೆ ಇಳಿಯುತ್ತದೆ ಎಂದು ಊಹೆಯೂ ಇರುವುದಿಲ್ಲ.

ನಕ್ಷೆಯಲ್ಲಿ ಇಲ್ಲದ ಒಂದೂವರೆ ಅಡಿ

ನಕ್ಷೆಯ 1.2 ಮೀಟರ್ ಎತ್ತರಕ್ಕೆ ಈ ಜೋಡಿ ಚಲನೆಯ ಲೆಕ್ಕ ನಾನೇ ಹಾಕಿ ನೋಡಿದೆ. ಬಂದದ್ದು ಸೆಕೆಂಡಿಗೆ 13. ಯಂತ್ರದ 9ಕ್ಕೆ ಹೋಲಿಸಿದರೆ ಸುಮಾರು ಶೇ 44 ಮೇಲೆ. ತುಂಬಾ ಚೆನ್ನಾಗಿಲ್ಲ, ಆದರೆ ಓಡುತ್ತಿತ್ತು. ಹಾಗಿದ್ದರೆ ಈಗ ಯಾಕೆ ಕುಣಿಯುತ್ತಿದೆ?

ಟೇಪ್ ಹಿಡಿದು ಅಳೆದೆ. ನೆಲದ ಮೇಲೆ ಕಾಣುವ ಬ್ಲಾಕಿನ ಭಾಗ ನಕ್ಷೆಯಷ್ಟೇ, ಒಂದು ಅಡಿ. ಆದರೆ ಹೊರಗಿನ ಅಂಗಳದಿಂದ ಒಳಗೆ ಬರಲು ಮೂರು ಮೆಟ್ಟಿಲು ಹತ್ತಿದ್ದು ನೆನಪಾಯಿತು. ನಕ್ಷೆಯಲ್ಲಿ ಮೆಟ್ಟಿಲೇ ಇಲ್ಲ. ಮಾಲಕರು ಹೇಳಿದರು, "ಕೆಲಸ ನಡೆಯುವಾಗ ನಾನೇ ಹೇಳಿದ್ದು, ನೆಲ ಒಂದೂವರೆ ಅಡಿ ಎತ್ತರಿಸಿ ಅಂತ. ಮಳೆಗಾಲದಲ್ಲಿ ಅಂಗಳಕ್ಕೆ ನೀರು ಬರ್ತದೆ. ಮೋಟಾರು ಮುಳುಗಿದರೆ ಯಾರು ಕೊಡ್ತಾರೆ ದುಡ್ಡು?"

ಅವರು ಹೇಳಿದ್ದು ತಪ್ಪಲ್ಲ. ಇಲ್ಲಿ ಯಾರೇ ಆದರೂ ಹಾಗೇ ಹೇಳುತ್ತಿದ್ದರು. ತಳ ಅದೇ ಆಳದಲ್ಲಿ ಉಳಿಯಿತು, ನೆಲ ಏರಿತು, ಹಾಗಾಗಿ ಬ್ಲಾಕು 1.2 ಮೀಟರಿನಿಂದ 1.65 ಮೀಟರಿಗೆ ಬೆಳೆಯಿತು. ಎತ್ತರಿಸಿದ ಭಾಗಕ್ಕೆ ಆರು ಟನ್ನಿಗಿಂತ ಹೆಚ್ಚು ಕಾಂಕ್ರೀಟ್ ಹೋಯಿತು. ಗುತ್ತಿಗೆದಾರರಿಗೆ ಅದು ಒಳ್ಳೆಯ ಸುದ್ದಿಯಾಗಿಯೇ ಕಂಡಿತು, ಭಾರ ಜಾಸ್ತಿ ಆಯಿತಲ್ವಾ. ಲೆಕ್ಕವನ್ನು ಮತ್ತೆ ಯಾರೂ ಮುಟ್ಟಲಿಲ್ಲ.

ಹೊಸ ಎತ್ತರಕ್ಕೆ ಲೆಕ್ಕ ಹಾಕಿದರೆ ಜೋಡಿ ಚಲನೆ 13ರಿಂದ 10.2ಕ್ಕೆ ಇಳಿದಿತ್ತು. ಯಾಕೆಂದರೆ ಸೇರಿದ ಭಾರ ಎಲ್ಲವೂ ಮೇಲೆ ಸೇರಿತು, ಜೊತೆಗೆ ಯಂತ್ರವೂ ಅಷ್ಟೇ ಮೇಲೆ ಹೋಯಿತು. ವಾಲುವ ಚಲನೆಯಲ್ಲಿ ಲೆಕ್ಕಕ್ಕೆ ಬರುವುದು ಬರೀ ಭಾರ ಅಲ್ಲ, ಭಾರ ತಳದಿಂದ ಎಷ್ಟು ದೂರ ಇದೆ ಎಂಬುದರ ವರ್ಗ. ತಳದ ಬಗ್ಗೆ ತೆಗೆದ ಜಡತ್ವ 24ರಿಂದ 44.5 ಟನ್-ಚದರ ಮೀಟರಿಗೆ ಏರಿತ್ತು. ಹೆಚ್ಚುಕಡಿಮೆ ಎರಡು ಪಟ್ಟು. ಕೆಳಗಿನ ಮಣ್ಣಿನ ಸ್ಪ್ರಿಂಗ್ ಮಾತ್ರ ಇದ್ದಲ್ಲೇ ಇತ್ತು.

ಕುತೂಹಲಕ್ಕೆ ಹಳೆಯ ಸೂತ್ರದ ಮೇಲೆ ಕೆಳಗೆ ಕುಣಿತವನ್ನೂ ಹೊಸ ಎತ್ತರಕ್ಕೆ ಹಾಕಿದೆ. 22 ಇದ್ದದ್ದು 19 ಆಯಿತು, ಅಷ್ಟೇ. ಅಂದರೆ ಯಾರಾದರೂ ಲೆಕ್ಕ ಮತ್ತೆ ಮಾಡಿದ್ದರೂ, ಅದೇ ಒಂದು ಪುಟ ಮಾಡಿದ್ದರೆ, ಮತ್ತೆ "ಸುರಕ್ಷಿತ" ಎಂದೇ ಬರೆಯುತ್ತಿದ್ದರು.

ಬಾವಿಯ ನೀರು

ಇಷ್ಟಾದರೂ 10.2 ಮತ್ತು 9 ಒಂದೇ ಅಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಸ್ವಲ್ಪ ನಡುಗುತ್ತಿತ್ತು, ಹೊಸತು ಅಂತ ಸುಮ್ನೆ ಬಿಟ್ಟಿದ್ದರು. ಜೂನ್, ಜುಲೈ ಪ್ಲಾಂಟ್ ಬಂದ್. ಆಗಸ್ಟಿನಲ್ಲಿ ಶುರು ಮಾಡಿದಾಗ ಕಂಪನ ಎರಡು ಪಟ್ಟಿಗಿಂತ ಜಾಸ್ತಿ ಆಗಿತ್ತು ಎಂದು ಮಾಮನ ಅಂದಾಜು. ಈ ನಡುವೆ ಯಾರೂ ಮಶಿನ್ ಮುಟ್ಟಿಲ್ಲ. ಬದಲಾದದ್ದು ಏನು?

ಕಾಂಪೌಂಡಿನ ಮೂಲೆಯಲ್ಲಿ ಬಾವಿ ಇದೆ. ಬಗ್ಗಿ ನೋಡಿದರೆ ನೀರು ಒಂದೆರಡು ಅಡಿ ಕೆಳಗೆ, ಕೈ ಚಾಚಿದರೆ ಸಿಗುವಂತಿತ್ತು. ಬೇಸಿಗೆಯಲ್ಲಿ ಹತ್ತಡಿ ಕೆಳಗೆ ಹೋಗುತ್ತದಂತೆ. ಬ್ಲಾಕಿನ ತಳ ಅಂಗಳದಿಂದ 90 ಸೆಂಟಿಮೀಟರ್ ಆಳ. ಹಾಗಾದರೆ ಏಪ್ರಿಲ್‌ನಲ್ಲಿ ತಳದ ಕೆಳಗೆ ಎರಡು ಮೀಟರಷ್ಟು ಒಣ ಮರಳಿತ್ತು, ಈಗ ತಳವೇ ನೀರಿನಲ್ಲಿ ಮುಳುಗಿದೆ.

ಮರಳಿನ ಬಿಗಿತ ಅದರ ಕಣಗಳು ಒಂದಕ್ಕೊಂದು ಎಷ್ಟು ಒತ್ತಿಕೊಂಡಿವೆ ಎಂಬುದರ ಮೇಲೆ ನಿಂತಿದೆ. ನೀರು ಏರಿದಾಗ ಕಣಗಳು ಭಾಗಶಃ ತೇಲಿದಂತೆ ಆಗಿ, ಒತ್ತಡ ಕಮ್ಮಿ ಆಗುತ್ತದೆ. ಬಿಗಿತ ಆ ಒತ್ತಡದ ವರ್ಗಮೂಲಕ್ಕೆ ಸರಿಯಾಗಿ ಇಳಿಯುತ್ತದೆ, ಆವರ್ತನ ಮತ್ತೆ ಬಿಗಿತದ ವರ್ಗಮೂಲಕ್ಕೆ ಸರಿಯಾಗಿ. ಹೀಗೆ ಎರಡು ಸಲ ವರ್ಗಮೂಲ ತೆಗೆಯುವುದರಿಂದ ಒತ್ತಡ ಮೂರನೇ ಒಂದು ಭಾಗದಷ್ಟು ಇಳಿದರೂ ಆವರ್ತನ ಶೇ 10ರಷ್ಟೇ ಇಳಿಯುತ್ತದೆ. ಬೇರೆ ಕಡೆ ಶೇ 10 ಯಾರ ಕಣ್ಣಿಗೂ ಬೀಳುವುದಿಲ್ಲ. ಇಲ್ಲಿ ಮಾತ್ರ 10.2ರಿಂದ ಶೇ 10 ಕಳೆದರೆ 9.2. ಯಂತ್ರ 9.

ಇದು ಇನ್ನೂ ಕಾಗದದ ಮೇಲಿನ ಮಾತು. ಮಣ್ಣಿನ ಗುಣಾಂಕ ಶೇ 20 ತಪ್ಪಿದ್ದರೂ ನನ್ನ ಉತ್ತರ ಶೇ 10 ಆಚೆ ಈಚೆ ಆಗುತ್ತದೆ, ಆಗ ಈ ಕಥೆಯೇ ಬಿದ್ದುಹೋಗುತ್ತದೆ. ಸರಿಯಾದ ದಾರಿ ಎಂದರೆ ಐಎಸ್ 5249ರ ಬ್ಲಾಕ್ ಕಂಪನ ಪರೀಕ್ಷೆ. ಸ್ಥಳದಲ್ಲೇ ಒಂದು ಚಿಕ್ಕ ಕಾಂಕ್ರೀಟ್ ಬ್ಲಾಕು ಹಾಕಿ, ಅದನ್ನು ಬೇರೆ ಬೇರೆ ವೇಗದಲ್ಲಿ ಅಲುಗಿಸಿ ಮಣ್ಣಿನ ಬಿಗಿತ ತೆಗೆಯುವುದು. ಇಷ್ಟು ಸಣ್ಣ ಪ್ಲಾಂಟಿಗೆ ಅದನ್ನು ಯಾರೂ ಮಾಡಿಸುವುದಿಲ್ಲ. ಆದರೆ ಬ್ಲಾಕು ಆಗಲೇ ನಿಂತಿರುವಾಗ ಚಿಂತೆ ಯಾಕೆ? ಅದನ್ನೇ ಕೇಳಬಹುದು.

ಮಶಿನ್ ನಿಲ್ಲಿಸಿದೆ. ಬ್ಲಾಕಿನ ಮೇಲೆ ನನ್ನ ಫೋನನ್ನು ಎರಡೂ ಬದಿ ಅಂಟುವ ಟೇಪಿನಿಂದ ಒತ್ತಿ ಅಂಟಿಸಿ, ಕಂಪನ ದಾಖಲಿಸುವ ಆ್ಯಪ್ ಶುರು ಮಾಡಿದೆ. ಒಂದು ಮರದ ದಿಮ್ಮಿಯನ್ನು ಇಬ್ಬರು ಹಿಡಿದು ಬ್ಲಾಕಿನ ಮೇಲಂಚಿಗೆ ಅಡ್ಡಲಾಗಿ ಒಂದು ಸಲ ಗುದ್ದಿದರು. ಕಬ್ಬಿಣದ ಸುತ್ತಿಗೆ ಬೇಡ, ಅದು ಟಣ್ ಅನ್ನುತ್ತದೆಯೇ ಹೊರತು ಇಷ್ಟು ನಿಧಾನದ ಚಲನೆಯನ್ನು ಎಬ್ಬಿಸುವುದಿಲ್ಲ. ಹತ್ತು ಸಲ ಗುದ್ದಿಸಿದೆ. ಕಲ್ಲು ತೆಗೆಸಿದ ಮೇಲೆ ಬಂದ ಶಿಖರ 9.2. ಕಲ್ಲು ಮತ್ತೆ ಇಡಿಸಿ ಗುದ್ದಿಸಿದರೆ 8.9.

ಈಗ ಮಾಮನ ಮಾತು ಅರ್ಥವಾಯಿತು ಅಲ್ವಾ? ಕಲ್ಲಿಲ್ಲದೆ ಬ್ಲಾಕಿನ ತಾಳ ಯಂತ್ರಕ್ಕಿಂತ ಸ್ವಲ್ಪ ಮೇಲಿತ್ತು. ಮೇಲೆ ಭಾರ ಇಟ್ಟಾಗ ಅದು ಇಳಿದು ಯಂತ್ರದ ಮೇಲೇ ಬಂದು ಕೂತಿತು. ಬ್ಲಾಕಿನ ತಾಳ ಯಂತ್ರದ ವೇಗಕ್ಕಿಂತ ಕೆಳಗೆ ಇದ್ದಿದ್ದರೆ ಅದೇ ಕಲ್ಲು ಒಳ್ಳೆಯದನ್ನೇ ಮಾಡುತ್ತಿತ್ತು. ನೀವು ಯಾವ ಬದಿಯಲ್ಲಿ ನಿಂತಿದ್ದೀರಿ ಎಂದು ಗೊತ್ತಿಲ್ಲದೆ ಭಾರ ಹಾಕುವುದು ಎಂದರೆ ಕತ್ತಲಲ್ಲಿ ತಿರುಪು ತಿರುಗಿಸಿದ ಹಾಗೆ.

ಆಮೇಲೆ ಮಶಿನ್ ಓಡಿಸಿ ಅಳೆದೆ. ಬ್ಲಾಕಿನ ಮೇಲಂಚು ಅಡ್ಡಕ್ಕೆ, ನಡುವಿನಿಂದ ಒಂದು ಬದಿಗೆ 0.30 ಮಿಲಿಮೀಟರ್ ಓಡುತ್ತಿತ್ತು. ಕಲ್ಲಿದ್ದಾಗ 0.33. ಇಂಥ ನಿಧಾನದ ಕಂಪ್ರೆಸರುಗಳಿಗೆ ನಾನು ಇಟ್ಟುಕೊಳ್ಳುವ ಗೆರೆ 0.2, ಅದೂ ಅತಿ ಹೆಚ್ಚೆಂದರೆ. ಎಡ ಮತ್ತು ಬಲ ಅಂಚುಗಳು ಮೇಲೆ ಕೆಳಗೆ ತಲಾ 0.14 ಹೋಗುತ್ತಿದ್ದವು. ಮುಖ್ಯವಾದದ್ದು ಅಂಕಿಯಲ್ಲ. ಒಂದು ಅಂಚು ಏರುವಾಗ ಇನ್ನೊಂದು ಇಳಿಯುತ್ತಿತ್ತು. ಬ್ಲಾಕು ಕುಣಿಯುತ್ತಿಲ್ಲ, ವಾಲುತ್ತಿದೆ ಎಂಬುದಕ್ಕೆ ಅದೇ ಗುರುತು. ಮಾಪಕ ಇಲ್ಲದವರು ಎರಡೂ ಅಂಚಿನ ಮೇಲೆ ಒಂದೊಂದು ಬೆರಳಿಟ್ಟು ನೋಡಿದರೂ ಇಷ್ಟು ಜೋರಿನ ಕಂಪನದಲ್ಲಿ ಇದು ತಿಳಿಯುತ್ತದೆ.

ಮೊದಲು ಪುಲ್ಲಿ, ಆಮೇಲೆ ಕಾಂಕ್ರೀಟ್

ಸೀಸನ್ ಶುರುವಾಗಿದೆ, ತಳದವರೆಗೆ ನೀರು. ಈಗ ಅಗೆಯುವ ಮಾತೇ ಇಲ್ಲ. ಬ್ಲಾಕನ್ನು ಬದಲಿಸಲು ಆಗದಿದ್ದರೆ ಯಂತ್ರದ ವೇಗ ಬದಲಿಸಬಹುದು. ಬೆಲ್ಟಿನಲ್ಲಿ ಓಡುವ ಯಂತ್ರಕ್ಕೆ ಅದು ಒಂದು ದಿನದ ಕೆಲಸ.

ಮೋಟಾರು 1440 ಸುತ್ತಿನದು. ಅದರ ಪುಲ್ಲಿ 300 ಮಿ.ಮೀ., ಕಂಪ್ರೆಸರಿನದು 800. ಹೀಗೆ 540 ಬರುತ್ತಿತ್ತು. ಮೋಟಾರಿಗೆ 267 ಮಿ.ಮೀ. ಪುಲ್ಲಿ ತಿರುವಿಸಿ ಹಾಕಿಸಿದೆ, ವೇಗ 480ಕ್ಕೆ ಇಳಿಯಿತು, ಅಂದರೆ ಸೆಕೆಂಡಿಗೆ 8. ಮೇಲಂಚಿನ ಕಂಪನ 0.30ರಿಂದ 0.10ಕ್ಕೆ ಬಂತು. ಬ್ಲಾಕಿಗೆ ಒಂದು ಮುಷ್ಟಿ ಸಿಮೆಂಟೂ ಹಾಕದೆ ಮೂರನೇ ಒಂದು ಭಾಗ. ಇದು ನನಗೆ ಎರಡನೇ ಸಾಕ್ಷಿಯೂ ಆಯಿತು. ಯಂತ್ರದ ಒಳಗೇ ಬೇರಿಂಗ್ ಹೋಗಿಯೋ, ಬೋಲ್ಟ್ ಸಡಿಲವಾಗಿಯೋ ಕಂಪನ ಬರುತ್ತಿದ್ದರೆ ಇಷ್ಟು ಸಣ್ಣ ವೇಗ ಬದಲಾವಣೆಗೆ ಇಷ್ಟು ಇಳಿಯುತ್ತಿರಲಿಲ್ಲ. ಬಲ ವೇಗದ ವರ್ಗಕ್ಕೆ ಸರಿಯಾಗಿ ಶೇ 20ರಷ್ಟು ಇಳಿಯುತ್ತಿತ್ತು, ಅಷ್ಟೇ.

ವೇಗ ಏರಿಸಿ ಇನ್ನೊಂದು ಬದಿಗೆ ದಾಟಬಹುದಿತ್ತಲ್ಲ ಎಂದು ಮಾಲಕರು ಕೇಳಿದರು, ಐಸೂ ಜಾಸ್ತಿ ಬರುತ್ತಿತ್ತು. ಪ್ರಶ್ನೆ ಸರಿಯಾದದ್ದೇ. ಆದರೆ ಹಾಗೆ ದಾಟಿದರೆ ಪ್ರತಿ ಸಲ ಶುರು ಮಾಡುವಾಗಲೂ ನಿಲ್ಲಿಸುವಾಗಲೂ ಯಂತ್ರ 9.2ನ್ನು ಹಾದುಹೋಗಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ಬ್ಲಾಕಿನ ತಾಳ 10.2ಕ್ಕೆ ಏರಿ ಮತ್ತೆ ಯಂತ್ರವನ್ನು ಬೆನ್ನಟ್ಟುತ್ತದೆ. ಜೊತೆಗೆ ಕಂಪ್ರೆಸರ್ ಕಂಪನಿ ಕೊಟ್ಟ ವೇಗದ ಮಿತಿ ಇದೆ, ಮೋಟಾರಿನ ಶಕ್ತಿಯ ಮಿತಿ ಇದೆ. ಬೇಡ ಅಂದೆ.

480ರಲ್ಲಿ ಐಸಿನ ಉತ್ಪತ್ತಿ ಒಂಬತ್ತನೇ ಒಂದು ಭಾಗದಷ್ಟು ಇಳಿಯಿತು. ಮಾಲಕರು ಗೊಣಗಿಕೊಂಡೇ ದಿನಕ್ಕೆ ಎರಡು ಗಂಟೆ ಹೆಚ್ಚು ಓಡಿಸಿ ಜನವರಿವರೆಗೆ ತಳ್ಳಿದರು.

ಫೆಬ್ರವರಿಯಲ್ಲಿ ಬಾವಿಯ ನೀರು ತಳಕ್ಕಿಂತ ಸಾಕಷ್ಟು ಕೆಳಗೆ ಹೋದ ಮೇಲೆ ಕೆಲಸ ಹಿಡಿದೆವು. ವಾಲುವುದಕ್ಕೆ ಮದ್ದು ಅಗಲ. ವಾಲುವ ದಿಕ್ಕಿನಲ್ಲಿ ತಳದ ಅಗಲ ಹೆಚ್ಚಿಸಿದರೆ ಮಣ್ಣಿನ ಪ್ರತಿರೋಧ ಅಗಲದ ಘನಕ್ಕೆ ಹತ್ತಿರ ಏರುತ್ತದೆ. ಹೊಸ ಭಾರ ಕೆಳಗೇ ಕೂರುವುದರಿಂದ ಜಡತ್ವ ಅಷ್ಟು ಏರುವುದಿಲ್ಲ. ಹಾಗಾಗಿ ಬ್ಲಾಕಿನ ಎರಡೂ ಉದ್ದ ಬದಿಗೆ ತಳದ ಮಟ್ಟದಲ್ಲಿ ಅರ್ಧ ಮೀಟರ್ ಹೊರಚಾಚಿದ, 75 ಸೆಂಟಿಮೀಟರ್ ದಪ್ಪದ ರೆಕ್ಕೆ ಹಾಕುವುದು ಎಂದು ನಿರ್ಧಾರವಾಯಿತು. ಅಗಲ 2.2ರಿಂದ 3.2 ಮೀಟರ್ ಆಗುತ್ತದೆ. ಲೆಕ್ಕದ ಪ್ರಕಾರ ಬೇಸಿಗೆಯಲ್ಲಿ 12.1, ಮಳೆಗಾಲದಲ್ಲಿ 10.9.

ನಿಜ ಹೇಳಬೇಕೆಂದರೆ ನನಗೆ ಇನ್ನೂ ಹೆಚ್ಚು ಬೇಕಿತ್ತು. ರೆಕ್ಕೆಯನ್ನು 80 ಸೆಂಟಿಮೀಟರಿಗೆ ಏರಿಸಿ ಲೆಕ್ಕ ಹಾಕಿದೆ. ಒಂಟಿ ವಾಲುವಿಕೆ ಬಿಗಿಯಾಗುತ್ತಲೇ ಹೋಗುತ್ತದೆ, ಆದರೆ ಒಂಟಿ ಜಾರುವಿಕೆ 13.7ರಲ್ಲೇ ನಿಂತುಬಿಡುತ್ತದೆ. ಯಾಕೆಂದರೆ ತಳ ಹೆಚ್ಚಿದಷ್ಟೂ ಭಾರವೂ ಹೆಚ್ಚುತ್ತದೆ. ಜೋಡಿ ಚಲನೆ ಅದನ್ನು ಮೀರಿ ಏರುವುದಿಲ್ಲ. ಆಮೇಲಿನ ಕಾಂಕ್ರೀಟೆಲ್ಲ ದುಡ್ಡು ದಂಡ. ಇನ್ನೂ ಏರಿಸಬೇಕಿದ್ದರೆ ಮೇಲಿನ ಒಂದೂವರೆ ಅಡಿ ಒಡೆದು ಯಂತ್ರ ಕೆಳಗಿಳಿಸಬೇಕಿತ್ತು. ಅದಕ್ಕೆ ಮಾಲಕರು ಒಪ್ಪುವ ಪ್ರಶ್ನೆಯೇ ಇಲ್ಲ, ನಾನೂ ಒತ್ತಾಯ ಮಾಡಲಿಲ್ಲ.

ಕೆಲಸದಲ್ಲಿ ಎರಡು ಕಡೆ ನಾನು ಬಿಡದೆ ನಿಂತೆ. ಮೊದಲನೆಯದು ಅಗೆತ. ಹಳೆ ಬ್ಲಾಕಿನ ತಳದ ಮಟ್ಟಕ್ಕಿಂತ ಒಂದು ಇಂಚೂ ಕೆಳಗೆ ಹೋಗಬಾರದು. ಮರಳು ಹೊರಕ್ಕೆ ಸರಿದರೆ ಬ್ಲಾಕಿನ ಅಂಚಿನ ಕೆಳಗೆ ಪೊಳ್ಳು ಬೀಳುತ್ತದೆ, ನಾವು ಕಟ್ಟಲು ಹೊರಟ ಬಿಗಿತವೇ ಹೋಗುತ್ತದೆ. ಒಂದು ಬದಿ ಮುಗಿಸಿ, ಕಾಂಕ್ರೀಟ್ ಗಟ್ಟಿಯಾದ ಮೇಲೆ ಇನ್ನೊಂದು ಬದಿ ಅಗೆದೆವು. ರೆಕ್ಕೆಯ ಕೆಳಗಿನ ಮರಳನ್ನು ನೀರು ಹಾಕಿ ಪ್ಲೇಟ್ ಕಂಪ್ಯಾಕ್ಟರಿನಿಂದ ಬಡಿದು, ಮೇಲೆ ತೆಳು ಬಡ ಕಾಂಕ್ರೀಟ್ ಹಾಸಿದೆವು. ಸಡಿಲ ಮರಳಿನ ಮೇಲೆ ಕೂತ ರೆಕ್ಕೆ ಸುಮ್ಮನೆ ತೂಗಾಡುತ್ತದೆ, ಲೆಕ್ಕದಲ್ಲಿ ಇರುತ್ತದೆ, ನೆಲದಲ್ಲಿ ಇರುವುದಿಲ್ಲ.

ಎರಡನೆಯದು ಜೋಡಣೆ. ಹಳೆ ಕಾಂಕ್ರೀಟಿನ ಮುಖವನ್ನು ಜಲ್ಲಿ ಕಾಣುವವರೆಗೆ ಉಳಿಯಿಂದ ಕೆತ್ತಿಸಿದೆ. 16 ಮಿ.ಮೀ. ಸರಳುಗಳನ್ನು ಡ್ರಿಲ್ ಮಾಡಿದ ತೂತಿನಲ್ಲಿ ಎಪಾಕ್ಸಿ ತುಂಬಿ ಕೂರಿಸಿದೆವು, ಮೇಲೊಂದು ಸಾಲು, ಕೆಳಗೊಂದು ಸಾಲು. ತೂತಿನ ಧೂಳು ಊದದೆ ಎಪಾಕ್ಸಿ ತುಂಬುತ್ತಿದ್ದ ಹುಡುಗನಿಗೆ ಒಂದು ಸರಳನ್ನು ಕೈಯಲ್ಲೇ ಎಳೆದು ತೋರಿಸಿದೆ, ಹೊರಗೆ ಬಂತು. ಆಮೇಲೆ ಅವನೇ ಎಲ್ಲ ತೂತನ್ನೂ ಮತ್ತೊಮ್ಮೆ ಊದಿದ.

ಅಗೆಯುವಾಗ ಇನ್ನೊಂದು ಸಣ್ಣ ತಪ್ಪೂ ಸಿಕ್ಕಿತು. ಬ್ಲಾಕಿಗೂ ಸುತ್ತಲಿನ ನೆಲಕ್ಕೂ ನಡುವೆ ಬಿಡಬೇಕಾದ ಬಿರುಕನ್ನು ಅಂದಕ್ಕೆಂದು ಸಿಮೆಂಟಿನಿಂದ ಮುಚ್ಚಿದ್ದರು. ಆಫೀಸ್ ಕೋಣೆಯ ಕಿಟಕಿ ಗಾಜು ನಡುಗುತ್ತಿದ್ದದ್ದು ಅದರಿಂದ. ಒಡೆದು, ಒಂದಿಂಚು ಸಂದಿ ಬಿಟ್ಟು, ಡಾಂಬರು ಹಲಗೆ ತುಂಬಿಸಿದೆವು.

ಎರಡನೇ ಹಾರ್ಮೋನಿಕ್ ಬಗ್ಗೆ ಒಂದು ಮಾತು, ಕೇಳುವವರು ಕೇಳಿಯೇ ಕೇಳುತ್ತಾರೆ. ಪಿಸ್ಟನ್ ಯಂತ್ರ ಪ್ರತಿ ಸುತ್ತಿಗೆ ಎರಡು ಸಲವೂ ತಳ್ಳುತ್ತದೆ. 540ಕ್ಕೆ ಅದು 18, 480ಕ್ಕೆ 16. 90 ಡಿಗ್ರಿ ವಿ ಯಂತ್ರದಲ್ಲಿ ಆ ಬಲ ಅಡ್ಡ ದಿಕ್ಕಿಗೆ ಮಾತ್ರ. ಈ ಬ್ಲಾಕಿನ ಜೋಡಿ ಚಲನೆಯ ಎರಡನೇ, ಮೇಲಿನ ಆವರ್ತನ ಮಳೆಗಾಲದಲ್ಲೂ 26ರ ಹತ್ತಿರ ಇದೆ. ಹಾಗಾಗಿ ಇಲ್ಲಿ ಅದು ಕಾಡಲಿಲ್ಲ. ಬೇರೆ ರೀತಿಯ ಕಂಪ್ರೆಸರ್ ಆಗಿದ್ದರೆ ಮೇಲೆ ಕೆಳಗೆ ಕುಣಿತವನ್ನೂ ಈ ಸಂಖ್ಯೆಯ ಎದುರಿಗೆ ಇಟ್ಟು ನೋಡಬೇಕಾಗುತ್ತಿತ್ತು.

ಮಾರ್ಚಿನಲ್ಲಿ ಮತ್ತೆ ದಿಮ್ಮಿಯಿಂದ ಗುದ್ದಿಸಿ ನೋಡಿದೆ. 12.0 ಬಂತು. ಹಳೆಯ 300 ಮಿ.ಮೀ. ಪುಲ್ಲಿ ಹಾಕಿ 540ರಲ್ಲಿ ಓಡಿಸಿದರೆ ಮೇಲಂಚಿನ ಕಂಪನ 0.05ಕ್ಕೂ ಕಡಿಮೆ. ಮಾಲಕರಿಗೆ ಖುಷಿ. ಆದರೆ ಆಗಸ್ಟಿನ ಅಳತೆ ಆಗುವವರೆಗೆ ಬಿಲ್ಲಿನ ಕೊನೆ ಕಂತು ಕೇಳುವುದಿಲ್ಲ ಎಂದೆ.

ಆಗಸ್ಟಿನಲ್ಲಿ ಬಾವಿ ತುಂಬಿದ ಮೇಲೆ ಹೋಗಿ ಗುದ್ದಿಸಿದೆ, 10.9. 540ರಲ್ಲಿ 0.07, 480ರಲ್ಲಿ 0.04. 0.07 ಕೂಡ ಗೆರೆಯ ಒಳಗೇ ಇದೆ, ಎಷ್ಟೋ ಕಡೆ ಅಷ್ಟಕ್ಕೆ ಬಿಟ್ಟುಬಿಡುತ್ತಾರೆ. ಆದರೆ ಆಗ ಬ್ಲಾಕು ಯಂತ್ರಕ್ಕಿಂತ ಶೇ 21 ಮಾತ್ರ ದೂರ. ಯಾವುದೋ ವರ್ಷ ನೀರು ಅಂಗಳಕ್ಕೇ ಬಂದರೆ, ಅಥವಾ ಕಂಪನದಿಂದ ಮರಳು ಸ್ವಲ್ಪ ಸರಿದರೆ, ಆ ದೂರ ಕರಗುತ್ತದೆ. ಮಳೆಗಾಲದಲ್ಲಿ 480ರಲ್ಲೇ ಓಡಿಸಿ ಎಂದೆ. ಆಗ ಅಂತರ ಶೇ 36. ಬೇಸಿಗೆಯಲ್ಲಿ 540, ಅಂತರ ಶೇ 33.

ಮಾಲಕರಿಗೆ ಪೂರ್ತಿ ಸಮಾಧಾನ ಇರಲಿಲ್ಲ, ಐಸಿಗೆ ಜಾಸ್ತಿ ಬೇಡಿಕೆ ಇರುವುದೇ ಆಗಸ್ಟಿನಿಂದ. ಮಾಮ ಮಾತ್ರ ಎರಡೂ ಪುಲ್ಲಿಗೆ ಗೋಡೆಯ ಮೇಲೆ ಮೊಳೆ ಹೊಡೆದು, ಚಿಕ್ಕದರ ಮೇಲೆ ಸೀಮೆಸುಣ್ಣದಲ್ಲಿ "ಬಾವಿ ನೀರು ಆರು ಅಡಿಗಿಂತ ಮೇಲೆ" ಎಂದು ಬರೆದಿದ್ದರು. ತಿಂಗಳ ಹೆಸರು ಯಾಕೆ ಬರೆಯಲಿಲ್ಲ ಮಾಮ ಎಂದು ಕೇಳಿದೆ. "ಮಳೆ ಕ್ಯಾಲೆಂಡರ್ ನೋಡಿ ಬರ್ತದಾ?" ಅಂದರು.